ಆಟೋ ಮೈಕಿಗೆ ಸೂಪರ್ ಮಾರ್ಕೆಟ್ ಆಡ್ ಬರೆದ ಕಥೆ

ನಂದು ತಿಪಟೂರು ಕಡೆ ಒಂದು ಸಣ್ಣ ಊರಲ್ಲಿ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬ್ಯಾನರ್ ಡಿಸೈನು, ಪಹಣಿ ಪ್ರಿಂಟು, ಇಷ್ಟೇ ನನ್ ಪ್ರಪಂಚ. ಹೋದ್ ವರ್ಷ ಆಷಾಢದಲ್ಲಿ ನಮ್ಮೂರ ದಿನಸಿ ಮಂಡಿ ಅಣ್ಣ ಅಂಗಡಿಗೆ ಬಂದು, ಶ್ರಾವಣದಲ್ಲಿ ಸೂಪರ್ ಮಾರ್ಕೆಟ್ ಓಪನ್ ಮಾಡ್ತಿದೀನಿ, ಪಾಂಪ್ಲೆಟ್ ನೀನೇ ಮಾಡು, ಹಂಗೇ ಆಟೋಲಿ ಕೂಗ್ಸೋಕೆ ಒಂದು ಆಡಿಯೋನೂ ಮಾಡ್ಕೊಡು ಅಂದ್ರು. ಪಾಂಪ್ಲೆಟ್ ಎರಡು ದಿನದ ಕೆಲಸ. ಆಡಿಯೋನೂ ಅಷ್ಟೇ ಅಲ್ವಾ, 40 ಸೆಕೆಂಡು, ಅರ್ಧ ಪೇಜು ಬರೆದ್ರೆ ಆಯ್ತು ಅನ್ಕೊಂಡು ಹೂಂ ಅಂದ್ಬಿಟ್ಟೆ. ಆ ಅರ್ಧ ಪೇಜಿಗೆ ಹತ್ತು ದಿನ ಹಿಡೀತು.

ಅಂಗಡಿ ಹೆಸರು ಇಲ್ಲಿ ಬರೆಯಲ್ಲ. ಮಗಳ ಹೆಸರಿಗೆ ಮಾರ್ಟ್ ಅಂತ ಸೇರ್ಸಿದಾರೆ, ಹಂಗಾಗಿ ಬರೀ ಮಾರ್ಟ್ ಅಂತ ಬರೀತೀನಿ, ಮುಂದೆ ಒಂದು ಹೆಸರಿದೆ ಅನ್ಕೊಂಡು ಓದ್ಕೊಳ್ಳಿ.

ಮೊದಲನೇ ಸ್ಕ್ರಿಪ್ಟು ನಾನು ಎಫ್‌ಎಂ ರೇಡಿಯೋದಲ್ಲಿ ಬರೋ ಆಡ್ ಥರ ಬರೆದೆ. ಗಂಡ ಹೆಂಡ್ತಿ ಮಾತು. ಹೆಂಡ್ತಿ "ರೀ, ಬೇಳೆಗೊಂದು ಅಂಗಡಿ, ಸೋಪಿಗೊಂದು ಅಂಗಡಿ, ನನ್ ಕಾಲೆಲ್ಲಾ ಬಿದ್ದೋಯ್ತು" ಅಂತಾಳೆ, ಗಂಡ ಏನೋ ಜೋಕ್ ಮಾಡ್ತಾನೆ, ಅವಳು ಸಿಟ್ಟಾಗ್ತಾಳೆ, ಆಮೇಲೆ ಗಂಡ "ಅಯ್ಯೋ ಮಾರಾಯ್ತಿ, ನಿಂಗೆ ಗೊತ್ತೇ ಇಲ್ವಾ" ಅಂತ ಮಾರ್ಟ್ ವಿಷಯ ಹೇಳ್ತಾನೆ, ಕೊನೇಲಿ ಅಡ್ರೆಸ್ಸು, ಡೇಟು, ಆಫರ್ರು. ನಮ್ಮತ್ತಿಗೆ ಮತ್ತೆ ನಾನು ಸೇರಿ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ವಿ. ಅತ್ತಿಗೆ ಅಂಗನವಾಡಿ ಟೀಚರ್ರು, ಗಂಟಲು ಚೆನ್ನಾಗಿದೆ. ಮಂಡಿ ಅಣ್ಣಂಗೆ ಕೇಳ್ಸಿದೆ, ಬಿದ್ದು ಬಿದ್ದು ನಕ್ರು. ಸೂಪರ್ ಅಂದ್ರು.

ಅದನ್ನ ಸುಮ್ನೆ ಟ್ರಯಲ್ ನೋಡೋಣ ಅಂತ ಆಟೋ ಹುಡುಗನ ಪೆನ್‌ಡ್ರೈವಿಗೆ ಹಾಕಿ, ನಮ್ ಬೀದೀಲಿ ಒಂದೇ ಒಂದು ರೌಂಡು ಸಣ್ಣ ವಾಲ್ಯೂಮಲ್ಲಿ ಹೊಡೆಸಿದೆ. ಮನೆಗೆ ಬಂದ್ರೆ ನಮ್ಮಜ್ಜಿ ಜಗಲಿ ಮೇಲೆ ಕೂತಿದ್ರು. ಏನಜ್ಜಿ, ಆಟೋಲಿ ಏನೋ ಕೂಗ್ತಲ್ಲ ಕೇಳಿಸ್ತಾ ಅಂದೆ. "ಕೇಳಿಸ್ತಪ್ಪ, ಯಾರೋ ಗಂಡ ಹೆಂಡ್ತಿ ಮೈಕ್ ಹಾಕ್ಕೊಂಡು ಜಗಳ ಆಡ್ಕೊಂಡು ಹೋದ್ರು, ಕಾಲ ಕೆಟ್ಟೋಯ್ತು" ಅಂದ್ರು.

ನಗು ಬಂತು, ಆದ್ರೆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ರೇಡಿಯೋ ಕೇಳೋನು ಒಂದೇ ಕಡೆ ಇರ್ತಾನೆ, ಆಡ್ ಮೊದಲಿಂದ ಕೊನೇವರೆಗೂ ಅವನ ಕಿವೀಲೇ ಇರತ್ತೆ. ಇಲ್ಲಿ ಆಡ್ ಆಟೋಲಿ ಹೋಗ್ತಾ ಇರತ್ತೆ, ಜನ ಮನೆ ಬಾಗಿಲಲ್ಲೇ ಇರ್ತಾರೆ. ಆಟೋ ನಿಧಾನಕ್ಕೆ ಹೋದ್ರೂ ಗಂಟೆಗೆ 15 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ ಸುಮಾರು 4 ಮೀಟರ್. ಅಕ್ಕಪಕ್ಕ ಮನೆ ಇರೋ ಬೀದೀಲಿ ಮಾತು ಬಿಡಿಸಿ ಅರ್ಥ ಆಗೋದು ಆಟೋ ನಿಮ್ಮಿಂದ ಒಂದು 25 ಮೀಟರ್ ಆಚೆ ಇದ್ದಾಗಿಂದ, ದಾಟಿ ಇನ್ನೊಂದು 25 ಮೀಟರ್ ಹೋಗೋವರೆಗೆ ಮಾತ್ರ. ಅದಕ್ಕಿಂತ ದೂರದಲ್ಲಿ ಸದ್ದು ಕೇಳತ್ತೆ, ಮಾತು ಕೇಳಲ್ಲ. 50 ಮೀಟರ್ ಭಾಗಿಸು 4, ಹನ್ನೆರಡು ಚಿಲ್ಲರೆ ಸೆಕೆಂಡು. ನಾನು ಮಾರನೇ ದಿನ ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಂಡು ನಾಲ್ಕು ಕಡೆ ನಿಂತು ನೋಡಿದೆ, ಬೀದೀಲಿ 12 ಬಂತು, ಬಿ.ಎಚ್. ರೋಡಲ್ಲಿ ಬಸ್ಸು ಲಾರಿ ಸದ್ದಿಗೆ 7 ಸೆಕೆಂಡೂ ಸಿಗ್ಲಿಲ್ಲ.

ಅಂದ್ರೆ 40 ಸೆಕೆಂಡಿನ ಆಡನ್ನ ಪೂರ್ತಿ ಕೇಳೋನು ಇಡೀ ಊರಲ್ಲಿ ಒಬ್ಬನೇ, ಆಟೋ ಓಡ್ಸೋನು. ಬಾಕಿಯವ್ರಿಗೆ ಸಿಗೋದು ಒಂದು ತುಂಡು, ಅದೂ ಯಾವ್ ತುಂಡು ಅಂತ ನಂಗೆ ಗೊತ್ತಿಲ್ಲ. ಒಬ್ರಿಗೆ ಬರೀ ಜಗಳ, ಇನ್ನೊಬ್ರಿಗೆ ಬರೀ "ಇಪ್ಪತ್ತು ರೂಪಾಯಿ". ಹಂಗಾಗಿ ಎಲ್ಲಿ ಕತ್ತರಿಸಿದ್ರೂ ಆ ತುಂಡಲ್ಲಿ ಮೂರು ವಿಷಯ ಇರ್ಬೇಕು: ಏನು, ಎಲ್ಲಿ, ಯಾವಾಗ. ಶುರು, ನಡು, ಕೊನೆ ಅನ್ನೋ ಕಥೆ ಲೆಕ್ಕ ಇಲ್ಲಿ ನಡೆಯಲ್ಲ, ಹೂವಿನ ಹಾರ ಇದ್ದಂಗೆ ಸುತ್ತು ಬರ್ಬೇಕು, ಎಲ್ಲಿ ಕೈ ಹಾಕಿದ್ರೂ ಹೂವೇ ಸಿಗ್ಬೇಕು.

ಗಂಡ ಹೆಂಡ್ತಿನ ಕಿತ್ತು ಬಿಸಾಕಿದೆ. ಮಂಡಿ ಅಣ್ಣಂಗೆ ಬೇಜಾರಾಯ್ತು, ನಂಗೂ ಸ್ವಲ್ಪ ಆಯ್ತು, ಆ ಜೋಕು ನಿಜವಾಗ್ಲೂ ಚೆನ್ನಾಗಿತ್ತು.

ಆಮೇಲೆ "ಎಲ್ಲಿ" ಅನ್ನೋದು. ಪಾಂಪ್ಲೆಟಲ್ಲಿ ಅಡ್ರೆಸ್ಸು ಬಿಲ್ಡಿಂಗ್ ಹೆಸರು, ಮೊದಲನೇ ಮುಖ್ಯರಸ್ತೆ, ಬ್ಯಾಂಕ್ ಎದುರು, ಪಿನ್ ಕೋಡ್ ಸಮೇತ ಇತ್ತು, ಅದನ್ನೇ ಆಡಿಗೂ ಎತ್ತಿ ಹಾಕಿದ್ದೆ. ಅತ್ತಿಗೆ ಓದೋವಾಗ ನಿಲ್ಸಿ, ಮೊದಲನೇ ಮುಖ್ಯರಸ್ತೆ ಯಾವ್ದು ಅಂತ ಕೇಳಿದ್ರು. ಅದೇ ಊರಲ್ಲಿ ಹುಟ್ಟಿ ಬೆಳೆದೋರು ಅವ್ರು! ನಾನು ಹೇಳಿದ ಮೇಲೆ "ಓ, ಹಳೇ ಟೆಂಟ್ ಹತ್ರನಾ, ಹಂಗ್ ಹೇಳಿ ಮತ್ತೆ" ಅಂದ್ರು. ಅಲ್ಲಿ ಟೆಂಟ್ ಸಿನಿಮಾ ಇದ್ದಿದ್ದು ನಾವು ಚಿಕ್ಕೋರಿದ್ದಾಗ, ಈಗ ಅದರ ಒಂದು ಗೂಟನೂ ಇಲ್ಲ, ಆದ್ರೂ ಸುತ್ತ ಹಳ್ಳಿಯವ್ರಿಗೆಲ್ಲಾ ಅದು ಹಳೇ ಟೆಂಟೇ. ಅಡ್ರೆಸ್ಸಿನ ಎಂಟು ಪದ ಹೋಗಿ "ಹಳೇ ಟೆಂಟ್ ಜಾಗ" ಅನ್ನೋ ಮೂರು ಪದ ಬಂತು. ಮಂಡಿ ಅಣ್ಣಂಗೆ ಇದೂ ಇಷ್ಟ ಆಗ್ಲಿಲ್ಲ, ಹೊಸ ಎಸಿ ಅಂಗಡಿಗೆ ಹಳೇ ಟೆಂಟ್ ಅಂತ ಹೆಸರು ಅಂಟಿಸ್ತೀಯಲ್ಲೋ ಅಂದ್ರು. ಅಣ್ಣ, ನೀವ್ ಅಂಟಿಸದಿದ್ರೂ ಜನ ಅಂಟಿಸ್ತಾರೆ ಅಂದೆ.

ಆಫರ್ ವಿಷಯಕ್ಕೆ ಸ್ವಲ್ಪ ಜಾಸ್ತಿನೇ ಜಗ್ಗಾಟ ಆಯ್ತು. ಅವ್ರ ಪ್ಲಾನ್ ಏನಪ್ಪಾ ಅಂದ್ರೆ ಸಾವಿರ ರೂಪಾಯಿ ಬಿಲ್ ಮಾಡಿದೋರಿಗೆ ಒಂದು ಕೆಜಿ ಸಕ್ಕರೆ 20 ರೂಪಾಯಿಗೆ. ಆಡಲ್ಲಿ ಮಾತ್ರ "ಸಕ್ಕರೆ ಕೆಜಿಗೆ ಬರೀ ಇಪ್ಪತ್ತು ರೂಪಾಯಿ" ಅಂತ ಜೋರಾಗಿ ಹೇಳ್ಸಿ, ಕೊನೇಲಿ "ಷರತ್ತುಗಳು ಅನ್ವಯ" ಅಂತ ಬೇಗ ಬೇಗ ಹೇಳ್ಸು ಅಂದ್ರು, ಟಿವೀಲಿ ಹಂಗೇ ತಾನೇ ಹೇಳೋದು ಅಂತ. ನಾನು ತುಂಡಿನ ಲೆಕ್ಕ ಹೇಳಿದೆ. ಬೆಲೆ ಕೇಳಿದೋರಿಗೆ ಷರತ್ತು ಕೇಳ್ಸಲ್ಲ, ಷರತ್ತು ಕೇಳಿದೋರಿಗೆ ಯಾವುದರ ಷರತ್ತು ಅಂತ ಗೊತ್ತಾಗಲ್ಲ. ಓಪನಿಂಗ್ ದಿನ ಚೀಲ ಹಿಡ್ಕೊಂಡು ಬರೀ ಸಕ್ಕರೆಗೆ ಅಂತ ಬಂದ ಇನ್ನೂರು ಜನಕ್ಕೆ ಕೌಂಟರ್ ಹುಡುಗಿ ಏನ್ ಹೇಳ್ತಾಳೆ? ಇದಲ್ಲದೆ 2022ರಲ್ಲಿ ಕೇಂದ್ರ ಸರ್ಕಾರ ದಾರಿ ತಪ್ಪಿಸೋ ಜಾಹೀರಾತು ತಡೆಯೋಕೆ ಅಂತ ಮಾರ್ಗಸೂಚಿ ತಂದಿದೆ. ಕಡಿಮೆ ರೇಟ್ ಆಸೆ ತೋರ್ಸಿ ಜನನ ಕರೆಸೋದಾದ್ರೆ ಆ ರೇಟಿಗೆ ಕೊಡೋಕೆ ಬೇಕಾದಷ್ಟು ಮಾಲು ಇರ್ಬೇಕು, ಷರತ್ತು ಇದ್ರೆ ಅದನ್ನ ಮುಚ್ಚಿಡಂಗಿಲ್ಲ, ಆಡ್ ಯಾವ ಭಾಷೇಲಿದೆಯೋ ಷರತ್ತೂ ಅದೇ ಭಾಷೇಲಿರ್ಬೇಕು ಅಂತೆಲ್ಲಾ ಅದರಲ್ಲಿದೆ. ಮಂಡಿ ಅಣ್ಣ ಕಾನೂನಿಗೆ ಹೆದರಿದ್ರೋ ಇಲ್ವೋ, ಇನ್ನೂರು ಜನ ಅಂದಾಗ ಮಾತ್ರ ಸುಮ್ನಾದ್ರು.

ಇಲ್ಲಿ ನಂಗೆ ಕನ್ನಡನೇ ಕೈ ಹಿಡೀತು ನೋಡಿ. ಟಿವಿ ಆಡ್‌ಗಳಲ್ಲಿ ಬೆಲೆ ಮೊದಲು, ಷರತ್ತು ಆಮೇಲೆ. ಆದ್ರೆ ನಾವು ಮನೇಲಿ ಮಾತಾಡೋವಾಗ ಹಂಗೆ ಹೇಳೋದೇ ಇಲ್ಲ, "ಹೋಂವರ್ಕ್ ಮುಗ್ಸಿದ್ರೆ ಆಟ" ಅಂತೀವಿ, "-ದ್ರೆ" ಮೊದಲು, ಫಲ ಆಮೇಲೆ. "ಐನೂರು ರೂಪಾಯಿ ಸಾಮಾನು ತಗೊಂಡ್ರೆ, ಒಂದು ಕೆಜಿ ಸಕ್ಕರೆ ಇಪ್ಪತ್ತು ರೂಪಾಯಿ" ಅಂತ ಒಂದೇ ಉಸಿರಿಗೆ ಬಂದ್ಬಿಡತ್ತೆ, ಷರತ್ತು ಬೆಲೆಗೆ ಅಂಟ್ಕೊಂಡೇ ಇರತ್ತೆ, ಆರು ಸೆಕೆಂಡು ಅಷ್ಟೇ. ಸಾವಿರ ಹೋಗಿ ಐನೂರು ಆಗಿದ್ದು ಹೆಂಗೆ ಅಂದ್ರೆ, ಹಳ್ಳಿಯಿಂದ ವಾರಕ್ಕೊಂದು ಸಲ ಬರೋರು ಸಾವಿರದ ಬಿಲ್ ಮಾಡಲ್ಲ ಅಂತ ಅವ್ರಿಗೇ ಗೊತ್ತಿತ್ತು. ಕ್ಯಾಲ್ಕುಲೇಟರ್ ತಗೊಂಡು, ಸಕ್ಕರೆಗೆ ಕೆಜಿಗೆ 22 ರೂಪಾಯಿ ಕೈಯಿಂದ ಹೋಗತ್ತೆ, ಐನೂರರ ಬಿಲ್ಲಲ್ಲಿ ಒಂದು 40 ರೂಪಾಯಿ ಉಳಿಯತ್ತೆ, ನಡಿ ಪರವಾಗಿಲ್ಲ ಅಂದ್ರು. ಮೂರು ದಿನಕ್ಕೆ ಅಂತ 50 ಕೆಜಿಯ ಹತ್ತು ಮೂಟೆ ಇಳಿಸಿದ್ರು, ಬಿಲ್ಲಿಗೆ ಒಂದೇ ಕೆಜಿ.

ಇದೆಲ್ಲ ಆದ್ಮೇಲೂ ಇನ್ನೊಂದು ಬಾಕಿ ಇತ್ತು, ಅದು ಹೊಳೆದಿದ್ದು ನಮ್ಮಂಗಡಿಗೆ ಜೆರಾಕ್ಸಿಗೆ ಬಂದಿದ್ದ ಒಬ್ಬ ಅಮ್ಮನಿಂದ. ಪಾಂಪ್ಲೆಟ್ ನೋಡಿ, "ಇದು ಗಾಜಿನ ಅಂಗಡಿ ಅಲ್ವೇನಪ್ಪ, ಇಲ್ಲಿ ಕಾಲು ಕೆಜಿ ತೊಗರಿಬೇಳೆ ಕೊಡ್ತಾರಾ, ಚಪ್ಪಲಿ ಎಲ್ಲಿ ಬಿಡೋದು" ಅಂದ್ರು. ನಾನು ಎಸಿ, ವಿಶಾಲವಾದ ಪಾರ್ಕಿಂಗ್, ಸಾವಿರಾರು ಐಟಮ್ಸ್ ಅಂತೆಲ್ಲ ಬರ್ಕೊಂಡು ಕೂತಿದ್ದೆ, ಅವ್ರ ತಲೇಲಿ ಇದ್ದಿದ್ದು ಒಳಗೆ ಬಿಡ್ತಾರಾ ಇಲ್ವಾ ಅನ್ನೋದು. ಎಸಿ ಅನ್ನೋ ಪದ ಅವ್ರನ್ನ ಕರೆಯೋ ಬದ್ಲು ಹೊರಗೇ ನಿಲ್ಲಿಸ್ತಿತ್ತು. ಎಸಿ, ಪಾರ್ಕಿಂಗ್ ಎರಡನ್ನೂ ತೆಗೆದು ಕಾಲು ಕೆಜಿ ಮತ್ತೆ ಚಪ್ಪಲಿ ಹಾಕಿದೆ.

ಈಗ ಹಾರ್ನ್ ವಿಷಯ. ಆಟೋ ಮೇಲೆ ಕಟ್ಟೋದು ಸ್ಪೀಕರ್ ಬಾಕ್ಸ್ ಅಲ್ಲ, ತಗಡಿನ ಹಾರ್ನು, ಧತ್ತೂರಿ ಹೂವಿನ ಥರದ್ದು. ಅದರಿಂದ ದಪ್ಪ ಸದ್ದು ಹೊರಗೆ ಬರೋದೇ ಇಲ್ಲ. ಹಿಂದೆ ಡೋಲು, ತಬಲ ಇರೋ ಮ್ಯೂಸಿಕ್ ಹಾಕಿದ್ರೆ ಹೆಡ್‌ಫೋನಲ್ಲಿ ಸಖತ್ತಾಗಿರತ್ತೆ, ಹಾರ್ನಲ್ಲಿ ಬರೀ ಗುರ್ರ್ ಅಂತ ಮಾತಿನ ಮೇಲೆ ಕೂತ್ಕೊಳತ್ತೆ. ಮಾತು ನಡೆಯೋವಾಗ ಮ್ಯೂಸಿಕ್ಕೇ ಬೇಡ ಅಂತ ಪೂರ್ತಿ ತೆಗೆದೆ. ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಲ್ಲಿ ಹೈ ಪಾಸ್ ಫಿಲ್ಟರ್ ಹಾಕಿ 300 ಹರ್ಟ್ಜ್ ಕೆಳಗಿನ ದಪ್ಪ ಸದ್ದೆಲ್ಲಾ ಕತ್ತರಿಸಿ, ಸ್ಟೀರಿಯೋ ಬಿಟ್ಟು ಮೋನೋದಲ್ಲಿ ಎಂಪಿತ್ರೀ ಮಾಡಿದೆ. ಹಾರ್ನ್ ಇಲ್ದೇನೂ ಟೆಸ್ಟ್ ಮಾಡ್ಬೋದು, ಹೆಡ್‌ಫೋನ್ ಬಿಚ್ಚಿ, ಮೊಬೈಲಿನ ಸ್ವಂತ ಸ್ಪೀಕರಲ್ಲೇ ಫುಲ್ ವಾಲ್ಯೂಮ್ ಇಟ್ಟು, ಮಿಕ್ಸಿ ಓಡ್ತಿರೋ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿ. ಅಲ್ಲಿ ಅರ್ಥ ಆದ್ರೆ ಬೀದೀಲೂ ಆಗತ್ತೆ. ರೆಕಾರ್ಡಿಂಗ್ ಮಾಡಿದ್ದು ಮಂಡಿ ಗೋಡೌನಲ್ಲಿ ಅಕ್ಕಿ ಮೂಟೆಗಳ ಮಧ್ಯೆ, ಮೂಟೆ ಸದ್ದು ಕುಡ್ಕೊಳತ್ತೆ, ಪ್ರತಿಧ್ವನಿ ಇಲ್ಲ, ಸ್ಟುಡಿಯೋ ಖರ್ಚೂ ಇಲ್ಲ.

ಹಾರ್ನಲ್ಲಿ ಇನ್ನೊಂದು ತಮಾಷೆ ಕಂಡೆ. ಅತ್ತಿಗೆ ಟೀಚರ್ ಅಲ್ವಾ, "ಮಾರ್ಟ್" ಅಂತ ಇಂಗ್ಲಿಷ್ ಥರ ನೀಟಾಗಿ ಹೇಳಿದ್ರು. ಹಾರ್ನಲ್ಲಿ ಬಂದಿದ್ದು "ಮಾ". ಕೊನೇ ಟ್ ಗಾಳೀಲಿ ಹೋಯ್ತು. "ಓಪನ್" ಅಂದ್ರೆ "ಓಪ". ಡಿಸ್ಕೌಂಟಂತೂ ಕೇಳ್ಬೇಡಿ. ಅದನ್ನೇ ನಮ್ಮಜ್ಜಿ ಹೇಳೋ ಹಂಗೆ "ಮಾರ್ಟು" ಅಂತ ಉಕಾರ ಸೇರ್ಸಿ ಎಳೆದು ಹೇಳ್ಸಿದೆ, ಪೂರ್ತಿ ಪದ ದೂರದವರೆಗೂ ಬಂತು. ಸ್ವರ ಜೊತೆಗಿದ್ರೆ ಅಕ್ಷರ ಉಳ್ಕೊಳತ್ತೆ. ಹಂಗಾಗಿ ಸ್ಕ್ರಿಪ್ಟಲ್ಲಿ ಕೊನೇಲಿ ಅರ್ಧಾಕ್ಷರ ಬರೋ ಪದಗಳನ್ನೆಲ್ಲಾ ಹುಡುಕಿ ಬದಲಾಯಿಸಿದೆ, ಓಪನ್ ಹೋಗಿ ಶುರು ಆಯ್ತು, ಟೆಂಟ್ ಟೆಂಟು ಆಯ್ತು. ಅತ್ತಿಗೆಗೆ ಮಾರ್ಟು ಅನ್ನೋಕೆ ನಾಚಿಕೆ, ನನ್ ಸ್ಟೂಡೆಂಟ್ಸ್ ಅಮ್ಮಂದಿರು ಏನ್ ಅನ್ಕೋತಾರೆ ಅಂತ.

ಶುರುವಲ್ಲಿ ಜನ ತಿರುಗಿ ನೋಡೋಕೆ ಏನಾದ್ರೂ ಬೇಕಲ್ಲ. ಮಂಡಿ ಅಣ್ಣ ಹಿಟ್ ಸಿನಿಮಾ ಹಾಡು ಹಾಕು ಅಂದ್ರು. ಅದಕ್ಕೆ ಆಡಿಯೋ ಕಂಪನಿ ಪರ್ಮಿಷನ್ ಬೇಕು, ನಮಗ್ಯಾಕೆ ಅಂತ ದೇವಸ್ಥಾನದ ಓಲಗದವ್ರಿಗೆ ದುಡ್ಡು ಕೊಟ್ಟು ಮೂರು ಸೆಕೆಂಡ್ ನಾದಸ್ವರ ಊದಿಸ್ಕೊಂಡೆ. ನಾದಸ್ವರ ಹಾರ್ನಿಗೆ ಹೇಳಿ ಮಾಡ್ಸಿದಂಗೆ ಕೂತ್ಕೊಳತ್ತೆ, ಎರಡೂ ಚೂಪು ಗಂಟಲಿನವು. ಒಂದಿಬ್ರು ಮೆರವಣಿಗೆ ಬಂತು ಅಂತ ಆರತಿ ತಟ್ಟೆ ಹಿಡ್ಕೊಂಡು ಹೊರಗೆ ಬಂದಿದ್ದೂ ಉಂಟು, ಏನ್ ಮಾಡೋದು.

ಕೊನೆಗೆ ನಿಂತ ಸ್ಕ್ರಿಪ್ಟು ಇದು:

(ನಾದಸ್ವರ, 3 ಸೆಕೆಂಡು)
ಮಾರ್ಟು! ಹಳೇ ಟೆಂಟು ಜಾಗದಲ್ಲಿ, ಇದೇ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಶುರು.
ಅಕ್ಕಿ, ಬೇಳೆ, ಎಣ್ಣೆ, ಸೋಪು, ಎಲ್ಲಾ ಒಂದೇ ಕಡೆ. ಕಾಲು ಕೆಜಿನೂ ತೂಗಿ ಕೊಡ್ತೀವಿ.
ಹಳೇ ಟೆಂಟು ಜಾಗ, ಮಾರ್ಟು, ಇದೇ ಶುಕ್ರವಾರ.
ಐನೂರು ರೂಪಾಯಿ ಸಾಮಾನು ತಗೊಂಡ್ರೆ, ಒಂದು ಕೆಜಿ ಸಕ್ಕರೆ ಇಪ್ಪತ್ತು ರೂಪಾಯಿ. ಬಿಲ್ಲಿಗೆ ಒಂದೇ ಕೆಜಿ, ಶುಕ್ರವಾರದಿಂದ ಭಾನುವಾರದವರೆಗೆ.
ಚಪ್ಪಲಿ ಹಾಕ್ಕೊಂಡೇ ಒಳಗೆ ಬನ್ನಿ, ಕೈಯಾರೆ ಆರಿಸ್ಕೊಳ್ಳಿ.
ಹಳೇ ಟೆಂಟು ಜಾಗ, ಇದೇ ಶುಕ್ರವಾರ, ಮಾರ್ಟು!
(2 ಸೆಕೆಂಡು ಖಾಲಿ)

ಐವತ್ತರ ಮೇಲೆ ಚಿಲ್ಲರೆ ಪದ ಇದೆ, ಅತ್ತಿಗೆ ಸ್ಪೀಡಲ್ಲಿ ನಾದಸ್ವರ, ಖಾಲಿ ಎಲ್ಲಾ ಸೇರಿ 40 ಸೆಕೆಂಡು. ಇದನ್ನೇ 30ಕ್ಕೆ ಇಳಿಸೋಕೆ ನೋಡಿದೆ, ಬೇಗ ಓದಿದ್ರೆ ಹಾರ್ನಲ್ಲಿ ಪದ ಪದದ ಮೇಲೆ ಹತ್ಕೊಳತ್ತೆ, ಬಿಟ್ಟೆ. ಸಕ್ಕರೆ ಸಾಲು ಮಾತ್ರ ಸ್ವಲ್ಪ ಉದ್ದ ಆಯ್ತು, ಆ ತುಂಡು ಸಿಕ್ಕೋರಿಗೆ ಎಲ್ಲಿ ಅನ್ನೋದು ಸಿಗದೆ ಹೋಗ್ಬೋದು, ಅದಕ್ಕೆ ನಂಗೆ ದಾರಿ ಸಿಗ್ಲಿಲ್ಲ. ಆದ್ರೆ ಆಟೋ ದಿನಕ್ಕೆ ಎರಡು ಸಲ ಬರತ್ತೆ, ಪ್ರತಿ ಸಲ ಬೇರೆ ತುಂಡು ಬೀಳತ್ತೆ.

ಪರ್ಮಿಷನ್ನಿಗೆ ಸ್ಟೇಷನ್ನಿಗೆ ಅರ್ಜಿ ಕೊಟ್ವಿ, ಆಟೋ ನಂಬರು, ಯಾವ ದಿನ, ಯಾವ ಬೀದಿ ಎಲ್ಲಾ ಬರೆದು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೀದೀಲಿ ಮೈಕ್ ಹಾಕಂಗಿಲ್ಲ, ಆಸ್ಪತ್ರೆ, ಶಾಲೆ, ಕೋರ್ಟು ಸುತ್ತ 100 ಮೀಟರ್ ಜಾಗನ ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸ್ಬೋದು. ನಮ್ಮೂರಂಥ ಸಣ್ಣ ಊರಲ್ಲಿ ಎರಡು ಶಾಲೆ, ಒಂದು ಆಸ್ಪತ್ರೆಗೆ ನೂರು ನೂರು ಮೀಟರ್ ಬಿಟ್ರೆ ಬಸ್ ಸ್ಟ್ಯಾಂಡಿನ ಅರ್ಧ ಭಾಗನೇ ಹೋಯ್ತು. ಅಲ್ಲಿಗೆ ಪಾಂಪ್ಲೆಟ್ ಹಂಚಿದ್ವಿ. ಆಟೋ ಹುಡುಗಂಗೆ ಮ್ಯಾಪಲ್ಲಿ ಕೆಂಪು ಗೆರೆ ಹಾಕಿ ಕೊಟ್ಟೆ, ಇಲ್ಲಿ ಆಫ್ ಮಾಡು ಅಂತ.

ಫೈಲು ಮೂರು ಮಾಡಿದ್ದೆ. ಬುಧವಾರದವರೆಗೆ "ಇದೇ ಶುಕ್ರವಾರ", ಗುರುವಾರ "ನಾಳೆ", ಶುಕ್ರವಾರ "ಇವತ್ತು". "ಬರೋ ಶುಕ್ರವಾರ" ಅಂತ ಬೇಕಂತಲೇ ಹಾಕ್ಲಿಲ್ಲ, ಅದು ಈ ವಾರನೋ ಮುಂದಿನ ವಾರನೋ ಅಂತ ನಮ್ಮನೇಲೇ ಮೂರು ಜನಕ್ಕೆ ಮೂರು ಅರ್ಥ. ಮೂರನ್ನೂ ಒಂದೇ ಪೆನ್‌ಡ್ರೈವಿಗೆ ಹಾಕಿ, ದಿನಕ್ಕೊಂದು ಬದಲಾಯಿಸ್ಕೋ ಅಂತ ಆಟೋ ಹುಡುಗಂಗೆ ಹೇಳಿದೆ, ಅದೇ ನಾನ್ ಮಾಡಿದ ತಪ್ಪು. ಓಪನಿಂಗ್ ದಿನ ಬೆಳಗ್ಗೆ ಎಂಟಕ್ಕೆ ಮಂಡಿ ಅಣ್ಣ ಫೋನು. ಆಟೋ ಊರ್ ತುಂಬಾ "ನಾಳೆ ಬೆಳಗ್ಗೆ ಹತ್ತಕ್ಕೆ ಶುರು" ಅಂತ ಕೂಗ್ತಾ ಇದೆ! ಹಿಂದಿನ ದಿನ ನಿಲ್ಸಿದ್ದು ಆನ್ ಮಾಡಿದ್ ತಕ್ಷಣ ಅದೇ ಫೈಲು ಶುರುವಾಗಿದೆ, ಅವನು ಮುಂದೆ ಕೂತಿರ್ತಾನೆ, ಅವನಿಗೆ ಬರೀ ಗದ್ದಲ. ನಾನು ಬೈಕಲ್ಲಿ ಹುಡುಕ್ಕೊಂಡು ಹೋಗಿ ಹಿಡಿಯೋ ಹೊತ್ತಿಗೆ ಆರು ಬೀದಿ ಮುಗ್ಸಿದ್ದ. ಟೀ ಅಂಗಡೀಲಿ ಒಬ್ರು, "ಏನಪ್ಪಾ, ಬಾಗಿಲ ಮೇಲೆ ನಾಳೆ ಬಾ ಅಂತ ಬರೆಯೋದು ಕೇಳಿದ್ದೆ, ಅಂಗಡಿಯವ್ರೂ ಬರೆಸಿದಾರಲ್ಲ" ಅಂದ್ರು. ಈಗ ಒಂದೊಂದು ದಿನಕ್ಕೆ ಒಂದೊಂದು ಪೆನ್‌ಡ್ರೈವು, ಒಂದೇ ಫೈಲು, ಹಳೇದನ್ನ ಸಂಜೆನೇ ವಾಪಸ್ ಇಸ್ಕೊಳ್ಳೋದು. ನಾಲ್ಕು ಜಿಬಿದು ಹಳೇವು ಅಂಗಡೀಲಿ ಬಿದ್ದಿದ್ವು, ಖರ್ಚೇನಿಲ್ಲ.

ಸಕ್ಕರೆ ಮೂಟೆ ಭಾನುವಾರ ಮಧ್ಯಾಹ್ನಕ್ಕೇ ಖಾಲಿ. ಮಂಡಿ ಅಣ್ಣ ಹಳೇ ಮಂಡಿಯಿಂದ ಇನ್ನೆರಡು ಮೂಟೆ ತರಿಸಿದ್ರು, ಮೈಕಲ್ಲಿ ಭಾನುವಾರದವರೆಗೆ ಅಂತ ಹೇಳಾಗಿದೆಯಲ್ಲ. ಕೌಂಟರ್ ಹುಡುಗಿ ಹತ್ರ ನಾನೇ ಕೇಳಿದೆ, ಬರೀ ಸಕ್ಕರೆ ಕೇಳ್ಕೊಂಡು ಎಷ್ಟು ಜನ ಬಂದ್ರು ಅಂತ, ಐದಾರು ಜನ ಬಂದಿದ್ರು ಅಣ್ಣ, ಹೇಳಿದ್ಮೇಲೆ ಸುಮ್ನೆ ಹೋದ್ರು ಅಂದ್ಳು. ಕಾಲು ಕೆಜಿ ತೂಗಿ ತೂಗಿ ಮಾತ್ರ ಅವಳಿಗೆ ಸಾಕಾಗಿತ್ತು.

ಈಗ ಡೇಟು, ಸಕ್ಕರೆ ತೆಗೆದು ನಾಲ್ಕನೇ ಫೈಲು ಓಡ್ತಿದೆ, ತಿಪಟೂರಲ್ಲಿ ಕೊಬ್ಬರಿ ಹರಾಜಿನ ದಿನ ಸಂಜೆ ಮಾತ್ರ, ಆವತ್ತು ವಾಪಸ್ ಬರೋರ ಕೈಯಲ್ಲಿ ದುಡ್ಡಿರತ್ತೆ. ಮಳೆ ಜಾಸ್ತಿಯಾದಾಗ ನೆಲ ಒರೆಸೋ ಅಕ್ಕ ಬಂದು, ಆ ಚಪ್ಪಲಿ ಮಾತು ತೆಗೆಸಿ ಸಾರ್, ಬಿಳಿ ಟೈಲ್ಸ್ ಪೂರ್ತಿ ಕೆಸರು ಅಂತ ಮಂಡಿ ಅಣ್ಣನ ಹತ್ರ ಜಗಳ ಆಡಿದ್ರಂತೆ. ಅವ್ರು ನಂಗೆ ಫೋನ್ ಮಾಡಿ ತೆಗೀಲಾ ಬೇಡ್ವಾ ಅಂತ ಒಂದೈದು ನಿಮಿಷ ಯೋಚನೆ ಮಾಡಿದ್ರು. ಆಮೇಲೆ ಬಾಗಿಲಿಗೆ ಎರಡು ಗೋಣಿಚೀಲ ಹಾಸ್ಸಿದ್ರು, ಲೈನು ಹಂಗೇ ಇದೆ.